ಕೀಮೋಗೆ ಮುನ್ನ ವೈದ್ಯರು ಕೇಳುವ ಒಂದು ಸಣ್ಣ ಪ್ರಶ್ನೆ

ಕಳೆದ ವರ್ಷ ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ದವಾಖಾನೆಯ ಬಾಗಿಲು ತೆರೆಯುವಷ್ಟರಲ್ಲಿ ಪರಿಚಯದ ಯುವಕನೊಬ್ಬ ದಪ್ಪ ಫೈಲ್ ಹಿಡಿದು ನಿಂತಿದ್ದ. ಅವನ ತಂದೆಗೆ 58 ವರ್ಷ. ಬಟ್ಟೆ ಅಂಗಡಿ ನಡೆಸುವವರು. ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ ಒಂದು ವಾರವಾಗಿತ್ತು. ಗೆಡ್ಡೆ ಯಕೃತ್ತಿಗೂ ಹಬ್ಬಿದ್ದರಿಂದ ಶಸ್ತ್ರಚಿಕಿತ್ಸೆ ಸಾಧ್ಯವಿರಲಿಲ್ಲ.

“ಹಕೀಂ ಸಾಬ್, ಕೀಮೋ ಕೊಡುವುದಿಲ್ಲ ಅಂತಾರೆ. ದುಡ್ಡಿಗೆ ವ್ಯವಸ್ಥೆ ಮಾಡಿದ್ದೇವೆ ಅಂದೆ. ದುಡ್ಡಿನ ಪ್ರಶ್ನೆ ಅಲ್ಲ, ಪಿಎಸ್ ಮೂರು ಇದೆ ಅಂದರು. ಅಬ್ಬಾಗೆ ವಯಸ್ಸಾಯಿತು ಅಂತ ಕೈ ಬಿಟ್ಟರಾ?” ಎಂದು ಕೇಳಿದ.

ಫೈಲ್ ತೆರೆದು ನೋಡಿದೆ. ಎಲ್ಲ ವರದಿಗಳ ನಡುವೆ ವೈದ್ಯರು ಕೈಯಲ್ಲಿ ಬರೆದಿದ್ದ ‘ಪಿಎಸ್ 3’ ಎಂಬ ಒಂದು ಚಿಕ್ಕ ಸಾಲಿತ್ತು. ಮನೆಯವರು ಸ್ಕ್ಯಾನ್ ಓದಿದ್ದರು, ರಕ್ತಪರೀಕ್ಷೆ ಓದಿದ್ದರು, ಸ್ಟೇಜ್ ಎಷ್ಟು ಎಂದು ಹತ್ತು ಜನರಲ್ಲಿ ವಿಚಾರಿಸಿದ್ದರು. ಆದರೆ ಅವರ ತಂದೆಯ ಚಿಕಿತ್ಸೆಯನ್ನು ಆ ದಿನ ತಡೆದು ನಿಲ್ಲಿಸಿದ್ದು ಯಾರೂ ಗಮನಿಸದ ಈ ಸಾಲು. ಇದು ಏನು, ಇದನ್ನು ಹೇಗೆ ಅಳೆಯುತ್ತಾರೆ, ನಾವು ಮನೆಯವರು ಇದನ್ನು ಎಲ್ಲಿ ಕೆಡಿಸುತ್ತೇವೆ ಎಂಬುದನ್ನು ಪ್ರತಿ ಕುಟುಂಬವೂ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.

ಇದು ರೋಗದ ಅಂಕ ಅಲ್ಲ, ರೋಗಿಯ ಅಂಕ

ಪಿಎಸ್ ಎಂದರೆ ಪರ್ಫಾರ್ಮೆನ್ಸ್ ಸ್ಟೇಟಸ್. ಕನ್ನಡದಲ್ಲಿ ‘ದೈನಂದಿನ ಶಕ್ತಿಯ ಅಂಕ’ ಎನ್ನಬಹುದು. ಸ್ಟೇಜ್ ಎಂಬುದು ಕ್ಯಾನ್ಸರ್ ದೇಹದಲ್ಲಿ ಎಷ್ಟು ದೂರ ಹಬ್ಬಿದೆ ಎಂದು ಹೇಳುತ್ತದೆ. ಪಿಎಸ್ ಎಂಬುದು ಆ ಮನುಷ್ಯ ದಿನವನ್ನು ಹೇಗೆ ಕಳೆಯುತ್ತಾನೆ ಎಂದು ಹೇಳುತ್ತದೆ. ನಾಲ್ಕನೇ ಸ್ಟೇಜ್‌ನಲ್ಲಿದ್ದೂ ಅಂಗಡಿಗೆ ಹೋಗುವವರಿದ್ದಾರೆ. ಎರಡನೇ ಸ್ಟೇಜ್‌ನಲ್ಲೇ ಹಾಸಿಗೆ ಹಿಡಿದವರೂ ಇದ್ದಾರೆ.

1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕೀಮೋಥೆರಪಿಯ ಮೊದಲ ಔಷಧಗಳು ಬಳಕೆಗೆ ಬರುತ್ತಿದ್ದವು. ಔಷಧದಿಂದ ಗೆಡ್ಡೆ ಕುಗ್ಗಿದರೂ ರೋಗಿಗೆ ನಿಜವಾಗಿ ಅನುಕೂಲವಾಯಿತೇ ಎಂದು ಅಳೆಯಲು ಡೇವಿಡ್ ಕಾರ್ನಾಫ್‌ಸ್ಕಿ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ನೂರರಿಂದ ಸೊನ್ನೆಯವರೆಗೆ ಇಳಿಯುವ ಒಂದು ಮಾಪಕ ಮಾಡಿದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಈಗ ಹೆಚ್ಚಾಗಿ ಫೈಲ್‌ಗಳಲ್ಲಿ ಕಾಣುವುದು ‘ಇಕಾಗ್’ ಎಂಬ ಸರಳ ಮಾಪಕ. ಈಸ್ಟರ್ನ್ ಕೋಆಪರೇಟಿವ್ ಆಂಕಾಲಜಿ ಗ್ರೂಪ್ ಎಂಬ ಅಮೆರಿಕದ ವೈದ್ಯರ ತಂಡ ಅದನ್ನು 1982ರಲ್ಲಿ ಪ್ರಕಟಿಸಿತು. ಇದರಲ್ಲಿ ಅಂಕ ಹೆಚ್ಚಾದಷ್ಟೂ ಶಕ್ತಿ ಕಡಿಮೆ ಎಂದು ಅರ್ಥ.

ಸೊನ್ನೆ ಎಂದರೆ ಕಾಯಿಲೆಗೆ ಮುಂಚೆ ಮಾಡುತ್ತಿದ್ದುದನ್ನೆಲ್ಲ ಈಗಲೂ ಮಾಡಬಲ್ಲರು. ಒಂದು ಎಂದರೆ ಭಾರದ ಕೆಲಸ ಆಗುವುದಿಲ್ಲ, ಆದರೆ ಓಡಾಡುತ್ತಾರೆ, ಗಲ್ಲಾಪೆಟ್ಟಿಗೆಯ ಮುಂದೆ ಕೂತು ವ್ಯಾಪಾರ ಮಾಡುವುದು, ಮನೆಯ ಹಗುರ ಕೆಲಸ ಆಗುತ್ತದೆ. ಎರಡು ಎಂದರೆ ಸ್ನಾನ, ಶೌಚ, ಊಟ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ, ಆದರೆ ಯಾವ ಕೆಲಸವೂ ಆಗುವುದಿಲ್ಲ. ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಎದ್ದು ಓಡಾಡಿಕೊಂಡಿರುತ್ತಾರೆ. ಮೂರು ಎಂದರೆ ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುತ್ತಾರೆ, ತಮ್ಮ ಕೆಲಸಗಳಿಗೂ ಬೇರೆಯವರ ಸಹಾಯ ಬೇಕು. ನಾಲ್ಕು ಎಂದರೆ ಪೂರ್ತಿ ಹಾಸಿಗೆ, ಎಲ್ಲದಕ್ಕೂ ಇತರರೇ ಬೇಕು. ಐದು ಎಂದರೆ ಮರಣ.

ಹಾಗಾಗಿ ಕ್ಯಾನ್ಸರ್ ವೈದ್ಯರು “ಹಗಲಲ್ಲಿ ಎಷ್ಟು ಹೊತ್ತು ಮಲಗುತ್ತೀರಿ?”, “ಸ್ನಾನ ನೀವೇ ಮಾಡುತ್ತೀರಾ?” ಎಂದು ಕೇಳುವುದು ಮಾತಿಗಾಗಿ ಕೇಳುವ ಮಾತಲ್ಲ. ಎರಡಕ್ಕೂ ಮೂರಕ್ಕೂ ನಡುವಿನ ಗೆರೆಯನ್ನು ಅವರು ಆ ಪ್ರಶ್ನೆಯಿಂದಲೇ ಎಳೆಯುತ್ತಾರೆ.

ಈ ಒಂದು ಅಂಕಕ್ಕೆ ಇಷ್ಟು ತೂಕ ಏಕೆ?

ಆ ಯುವಕ ಕೇಳಿ ತಿಳಿದುಕೊಂಡು ಬಂದಿದ್ದ ಚಿಕಿತ್ಸೆಯ ಹೆಸರು ಫೋಲ್ಫಿರಿನಾಕ್ಸ್. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ಕೊಡುವ ತೀವ್ರ ಕೀಮೋಗಳಲ್ಲಿ ಇದು ಪ್ರಮುಖವಾದದ್ದು. ಫ್ಲೂರೋಯುರಾಸಿಲ್, ಲ್ಯೂಕೊವೊರಿನ್, ಇರಿನೋಟೆಕಾನ್, ಆಕ್ಸಾಲಿಪ್ಲಾಟಿನ್ ಎಂಬ ನಾಲ್ಕು ಔಷಧಗಳನ್ನು ಎರಡು ವಾರಕ್ಕೊಮ್ಮೆ ಒಟ್ಟಿಗೆ ಕೊಡುತ್ತಾರೆ. ಅದರಲ್ಲಿ ಒಂದನ್ನು ಪಂಪ್ ಕಟ್ಟಿ 46 ಗಂಟೆಗಳ ಕಾಲ ನಿಧಾನವಾಗಿ ಏರಿಸುತ್ತಾರೆ.

ಫ್ರಾನ್ಸ್‌ನ ವೈದ್ಯರು ಈ ಚಿಕಿತ್ಸೆಯನ್ನು 342 ರೋಗಿಗಳಲ್ಲಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗ ರೂಢಿಯಲ್ಲಿದ್ದ ಜೆಮ್ಸಿಟಾಬಿನ್ ಒಂದೇ ಔಷಧ ಪಡೆದವರ ಮಧ್ಯಮ ಜೀವಿತಾವಧಿ 6.8 ತಿಂಗಳಾದರೆ, ಫೋಲ್ಫಿರಿನಾಕ್ಸ್ ಪಡೆದವರದ್ದು 11.1 ತಿಂಗಳು. ಹಬ್ಬಿದ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಇದು ದೊಡ್ಡ ಅಂತರ. ಆದರೆ ಆ ಪರೀಕ್ಷೆಗೆ ಸೇರಿಸಿಕೊಂಡದ್ದು ಯಾರನ್ನು? ಇಕಾಗ್ ಅಂಕ ಸೊನ್ನೆ ಅಥವಾ ಒಂದು ಇದ್ದವರನ್ನು ಮಾತ್ರ. ಅಂಥ ಗಟ್ಟಿ ಜನರಲ್ಲೂ ನೂರಕ್ಕೆ ಸುಮಾರು 46 ಮಂದಿಯಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿದವು. ಜೆಮ್ಸಿಟಾಬಿನ್ ಪಡೆದವರಲ್ಲಿ ಹಾಗಾದದ್ದು ನೂರಕ್ಕೆ 21 ಮಂದಿಗೆ.

ಈಗ ಯೋಚಿಸಿ. ಹಗಲಿನ ಬಹುಪಾಲು ಮಲಗಿರುವ ಮನುಷ್ಯನ ಸ್ನಾಯುಗಳು ಕರಗಿರುತ್ತವೆ. ಊಟ ಅರ್ಧಕ್ಕಿಳಿದಿರುತ್ತದೆ. ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಸರಿಯಾಗಿ ಹೋಗದೆ ಕಫ ನಿಲ್ಲುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುತ್ತದೆ. ಕೀಮೋ ಔಷಧ ಕ್ಯಾನ್ಸರ್ ಕೋಶವನ್ನು ಮಾತ್ರ ಮುಟ್ಟುವುದಿಲ್ಲ. ವೇಗವಾಗಿ ಹುಟ್ಟುವ ಎಲ್ಲ ಕೋಶಗಳನ್ನೂ, ಅಂದರೆ ಮೂಳೆಯ ಮಜ್ಜೆಯನ್ನೂ ಕರುಳಿನ ಒಳಪದರವನ್ನೂ ಹೊಡೆಯುತ್ತದೆ. ಗಟ್ಟಿ ದೇಹ ಎರಡು ವಾರದಲ್ಲಿ ಆ ನಷ್ಟವನ್ನು ತುಂಬಿಕೊಂಡು ಮುಂದಿನ ಸುತ್ತಿಗೆ ಸಿದ್ಧವಾಗುತ್ತದೆ. ಸೋತ ದೇಹಕ್ಕೆ ಅದು ಆಗುವುದಿಲ್ಲ. ನಾಲ್ಕು ದಿನದ ಭೇದಿ, ಒಂದು ರಾತ್ರಿಯ ಜ್ವರವೇ ಅವರನ್ನು ಕರೆದುಕೊಂಡು ಹೋಗಬಹುದು.

ಆದ್ದರಿಂದ ವೈದ್ಯರ ರೂಢಿಯಲ್ಲಿ ಸ್ಥೂಲವಾಗಿ ಹೀಗೆ ವಿಂಗಡಣೆಯಾಗುತ್ತದೆ. ಹಬ್ಬಿದ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಅಂಕ ಸೊನ್ನೆ ಅಥವಾ ಒಂದು ಇದ್ದರೆ ತೀವ್ರ ಕೀಮೋ. ಎರಡು ಇದ್ದರೆ ಹೆಚ್ಚಾಗಿ ಜೆಮ್ಸಿಟಾಬಿನ್‌ನಂಥ ಹಗುರ ಚಿಕಿತ್ಸೆ. ಮೂರು ಅಥವಾ ನಾಲ್ಕು ಇದ್ದರೆ ನೋವು, ವಾಂತಿ, ಕಾಮಾಲೆ, ನಿದ್ರೆಗಳ ಕಡೆ ಮುಖ್ಯ ಗಮನ. ಇದು ಶಿಕ್ಷೆಯಲ್ಲ, ಜಿಪುಣತನವೂ ಅಲ್ಲ. ಔಷಧ ರೋಗಕ್ಕಿಂತ ಮೊದಲು ರೋಗಿಯನ್ನು ಕೊಲ್ಲದಿರಲಿ ಎಂಬ ಎಚ್ಚರ.

ನಾನು ಕಲಿತ ಯುನಾನಿಯಲ್ಲೂ ಈ ಎಚ್ಚರ ಹಳೆಯದು. ಫಸ್ದ್ ಮಾಡಿ ರಕ್ತ ತೆಗೆಯುವ ಮುನ್ನ, ಇಸ್‌ಹಾಲ್ ಅಂದರೆ ಭೇದಿಯ ಔಷಧ ಕೊಡುವ ಮುನ್ನ, ರೋಗಿಯ ‘ಖುವ್ವತ್’ ಎಷ್ಟಿದೆ ನೋಡು ಎಂದೇ ನಮಗೆ ಪಾಠ. ರೋಗ ದೊಡ್ಡದಿದೆ ಎಂಬ ಕಾರಣಕ್ಕೆ ದುರ್ಬಲನಿಗೆ ಕಠಿಣ ಮದ್ದು ಕೊಡುವವನನ್ನು ಒಳ್ಳೆಯ ಹಕೀಂ ಎನ್ನುವುದಿಲ್ಲ.

ಅಂಕ ಮೂರು ಎಂದರೆ ಅಲ್ಲಿಗೆ ಮುಗಿಯಿತೇ?

ಇಲ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಅಂಕ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಅಂಕ ಏಕೆ ಹಾಗಿದೆ ಎಂದು ಕೇಳಿ.

ಬಟ್ಟೆ ಅಂಗಡಿಯ ಆ ಹಿರಿಯರನ್ನು ಮರುದಿನ ಮನೆಯಲ್ಲಿ ನೋಡಿದೆ. ಕಣ್ಣು ಅರಿಶಿನದಂತಾಗಿತ್ತು. ಮೈಯೆಲ್ಲ ತುರಿಕೆಯಿಂದ ಎರಡು ವಾರ ನಿದ್ರೆಯಿರಲಿಲ್ಲ. 68 ಕಿಲೋ ಇದ್ದವರು 54ಕ್ಕೆ ಇಳಿದಿದ್ದರು. ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವಿಗೆ ಸಾಧಾರಣ ನೋವಿನ ಮಾತ್ರೆ ಮಾತ್ರ ನುಂಗುತ್ತಿದ್ದರು. ಉಂಡದ್ದು ಎಣ್ಣೆ ತೇಲುವ ಮಲವಾಗಿ ಹೋಗುತ್ತಿತ್ತು. ಸಕ್ಕರೆ 300ರ ಮೇಲಿತ್ತು. ಬಿಲಿರುಬಿನ್ 14 ಇತ್ತು.

ಈ ಮನುಷ್ಯ ಏಕೆ ಮಲಗಿದ್ದಾರೆ? ಕ್ಯಾನ್ಸರ್ ಇದೆ ಎಂಬುದು ನಿಜ. ಆದರೆ ಅವರನ್ನು ಹಾಸಿಗೆಗೆ ಕಟ್ಟಿಹಾಕಿದ್ದು ಗೆಡ್ಡೆ ಪಿತ್ತನಾಳವನ್ನು ಒತ್ತಿ ತಂದ ಕಾಮಾಲೆ, ಹಿಡಿತಕ್ಕೆ ಬಾರದ ನೋವು, ಜೀರ್ಣವಾಗದ ಊಟ, ಏರಿದ ಸಕ್ಕರೆ. ಇವು ನಾಲ್ಕಕ್ಕೂ ಚಿಕಿತ್ಸೆ ಇದೆ. ಮಗನಿಗೆ ಹೇಳಿದೆ: “ವಾಪಸ್ ಹೋಗು. ಕೀಮೋ ಕೊಡಿ ಎಂದು ಜಗಳ ಮಾಡಬೇಡ. ಅಬ್ಬಾನ ಅಂಕ ಮೂರಾಗಿರುವುದಕ್ಕೆ ಸರಿಪಡಿಸಬಹುದಾದ ಕಾರಣ ಯಾವುದಿದೆ, ಯಾವಾಗ ಮತ್ತೆ ಅಳೆಯುತ್ತೀರಿ ಎಂದು ಕೇಳು.”

ವೈದ್ಯರೂ ಅದನ್ನೇ ಯೋಚಿಸಿದ್ದರು. ಗಡಿಬಿಡಿಯ ಒಪಿಡಿಯಲ್ಲಿ ವಿವರಿಸಿ ಹೇಳಲು ಆಗಿರಲಿಲ್ಲ ಅಷ್ಟೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದರು. ಇದು ಬರೀ ತುರಿಕೆ ಹೋಗಲೆಂದಲ್ಲ. ಇರಿನೋಟೆಕಾನ್ ಔಷಧ ದೇಹದಿಂದ ಹೊರಹೋಗುವುದು ಬಹುಮಟ್ಟಿಗೆ ಪಿತ್ತದ ಮೂಲಕ. ಬಿಲಿರುಬಿನ್ ಏರಿರುವಾಗ ಅದನ್ನು ಕೊಟ್ಟರೆ ಔಷಧ ದೇಹದಲ್ಲೇ ಉಳಿದು ವಿಷವಾಗುತ್ತದೆ. ನೋವಿಗೆ ಮಾರ್ಫಿನ್ ಮಾತ್ರೆಯನ್ನು ಹೊತ್ತು ಹೊತ್ತಿಗೆ ಕೊಟ್ಟರು. ಸಕ್ಕರೆಗೆ ಇನ್ಸುಲಿನ್ ಶುರುಮಾಡಿದರು. ಊಟದ ಜೊತೆ ನುಂಗಲು ಪ್ಯಾಂಕ್ರಿಯಾಸ್‌ನ ಎಂಜೈಮ್ ಕ್ಯಾಪ್ಸೂಲ್ ಬರೆದರು.

ಇಲ್ಲಿ ನಮ್ಮ ಕುಟುಂಬಗಳಿಗೆ ಎದುರಾಗುವ ಒಂದು ಅಡ್ಡಿ ಬಂತು. ಈ ಎಂಜೈಮನ್ನು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತಯಾರಿಸುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಅದು ಗೊತ್ತಾಗಿ ಮನೆಯವರು ವೈದ್ಯರಿಗೂ ಹೇಳದೆ ನಿಲ್ಲಿಸಿಬಿಟ್ಟರು. ಹತ್ತು ದಿನದಲ್ಲಿ ಮತ್ತೆ ಎರಡು ಕಿಲೋ ಇಳಿಯಿತು. ವಿಷಯ ತಿಳಿದಾಗ ನಾನು ಫತ್ವಾ ಕೊಡಲು ಹೋಗಲಿಲ್ಲ, ಅದು ನನ್ನ ಕೆಲಸವಲ್ಲ. ಇದೇ ಪ್ರಯೋಜನ ಕೊಡುವ ಬೇರೆ ಔಷಧ ಇದೆಯೇ ಎಂದು ವೈದ್ಯರಲ್ಲಿ ಕೇಳಿ, ಆ ಉತ್ತರವನ್ನು ನೀವು ನಂಬುವ ಆಲಿಮರ ಮುಂದಿಡಿ ಎಂದೆ. ಸಮಾನ ಪರ್ಯಾಯ ಇಲ್ಲ ಎಂದು ವೈದ್ಯರು ಹೇಳಿದರು. ಪ್ರಾಣದ ಅನಿವಾರ್ಯತೆಯಲ್ಲಿ ಇದಕ್ಕೆ ಅನುಮತಿ ಇದೆ ಎಂದು ಆಲಿಮರು ಹೇಳಿದರು. ಕ್ಯಾಪ್ಸೂಲ್ ಮತ್ತೆ ಶುರುವಾಯಿತು. ಸಂಶಯ ಬಂದರೆ ಇಬ್ಬರನ್ನೂ ಕೇಳಿ. ಆದರೆ ಯಾರಿಗೂ ಹೇಳದೆ ನಿಲ್ಲಿಸಬೇಡಿ. ಏಕೆಂದರೆ ಆಗ ವೈದ್ಯರು, ಔಷಧ ಕೊಟ್ಟರೂ ರೋಗಿ ಸೊರಗುತ್ತಿದ್ದಾರೆ ಎಂದು ತಪ್ಪಾಗಿ ತಿಳಿದು ಅಂಕವನ್ನು ಕೆಳಗೇ ಉಳಿಸುತ್ತಾರೆ.

ಎರಡು ವಾರದಲ್ಲಿ ಆ ಹಿರಿಯರು ತಾವೇ ಎದ್ದು ಸ್ನಾನಕ್ಕೆ ಹೋದರು. ಐದನೇ ವಾರ ಬಿಲಿರುಬಿನ್ 1.2ಕ್ಕೆ ಇಳಿದಿತ್ತು. ಬೆಳಿಗ್ಗೆ ಎರಡು ಗಂಟೆ ಅಂಗಡಿಯಲ್ಲಿ ಕೂರುವಂತಾದರು. ಫೈಲ್‌ನಲ್ಲಿ ‘ಪಿಎಸ್ 1’ ಎಂದು ಬಂತು. ಪ್ರಮಾಣ ಸ್ವಲ್ಪ ತಗ್ಗಿಸಿ ಫೋಲ್ಫಿರಿನಾಕ್ಸ್ ಕೊಟ್ಟರು. ರೋಗ ಗುಣವಾಯಿತು ಎಂದು ನಾನು ಹೇಳುವುದಿಲ್ಲ, ಆ ಹಂತದಲ್ಲಿ ಅದು ಗುಣವಾಗುವ ರೋಗವಲ್ಲ. ಅವರು ಸುಮಾರು ಒಂದು ವರ್ಷ ಬದುಕಿದರು. ಅದರಲ್ಲಿ ಏಳು ತಿಂಗಳು ಅಂಗಡಿಯ ಲೆಕ್ಕವನ್ನು ತಾವೇ ನೋಡಿದರು.

ಸುಳ್ಳು ಅಂಕದ ಬೆಲೆ

ಇನ್ನೊಂದು ಮನೆಯ ಕತೆ ಬೇರೆ. ಇದೇ ರೋಗ, 62 ವರ್ಷದ ಗ್ಯಾರೇಜ್ ಮೇಸ್ತ್ರಿ. ತೀವ್ರ ಕೀಮೋ ಸಿಗಬೇಕಾದರೆ ರೋಗಿ ಗಟ್ಟಿಯಾಗಿ ಕಾಣಬೇಕು ಎಂದು ಯಾರೋ ಮನೆಯವರಿಗೆ ಹೇಳಿಬಿಟ್ಟಿದ್ದರು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವರಿಗೆ ಗ್ಲೂಕೋಸ್ ಬಾಟಲಿ ಏರಿಸಿದರು. ಬೆಳಿಗ್ಗೆ ಗಡ್ಡ ತಿದ್ದಿ, ಇಸ್ತ್ರಿ ಮಾಡಿದ ಜುಬ್ಬಾ ತೊಡಿಸಿ, ಬಾಗಿಲವರೆಗೆ ಗಾಲಿಕುರ್ಚಿಯಲ್ಲಿ ತಂದು ಒಳಗೆ ನಾಲ್ಕು ಹೆಜ್ಜೆ ನಡೆಸಿದರು. ವೈದ್ಯರು ಕೇಳಿದ ಪ್ರಶ್ನೆಗೆಲ್ಲ ಭಾವಮೈದ ಉತ್ತರಿಸಿದ. “ಓಡಾಡ್ತಾರೆ ಸರ್, ನಮಾಝಿಗೆ ಮಸೀದಿಗೇ ಹೋಗ್ತಾರೆ.” ಅವರು ಮಸೀದಿಯ ಮೆಟ್ಟಿಲು ಹತ್ತಿ ಒಂದೂವರೆ ತಿಂಗಳಾಗಿತ್ತು.

ಅಂಕ ಒಂದು ಎಂದು ಬರೆಯಲಾಯಿತು. ಪೂರ್ತಿ ಪ್ರಮಾಣದ ಕೀಮೋ ಹೋಯಿತು. ಒಂಬತ್ತನೇ ದಿನ ಚಳಿಜ್ವರ. ಬಿಳಿ ರಕ್ತಕಣಗಳು ಬಹುತೇಕ ಇರಲಿಲ್ಲ. ಐಸಿಯುವಿನಲ್ಲಿ ಹನ್ನೊಂದು ದಿನ ಇದ್ದು ಅಲ್ಲೇ ತೀರಿಕೊಂಡರು. ಮನೆಯವರು ಪ್ರೀತಿಯಿಂದಲೇ ಹಾಗೆ ಮಾಡಿದ್ದು. ಆದರೆ ಆ ಸುಳ್ಳು ಅವರ ಅಬ್ಬಾನಿಗೆ ಉಳಿದಿದ್ದ ಒಂದಷ್ಟು ವಾರಗಳನ್ನೂ, ಮಕ್ಕಳ ನಡುವೆ ಮನೆಯಲ್ಲಿ ಇರುವ ಅವಕಾಶವನ್ನೂ ಕಿತ್ತುಕೊಂಡಿತು. ಅವರ ಹೆಸರಿನ ಮುಂದೆ ‘ಎರಡು’ ಎಂದೋ ‘ಮೂರು’ ಎಂದೋ ಬರೆದಿದ್ದರೆ ಅದು ಅವರನ್ನು ರಕ್ಷಿಸುತ್ತಿತ್ತು.

ಮನೆಯಲ್ಲಿ ಅಳೆಯುವುದು ಹೇಗೆ?

ವೈದ್ಯರು ರೋಗಿಯನ್ನು ಕಾಣುವುದು ಹತ್ತು ನಿಮಿಷ. ಅದೂ ರೋಗಿ ಸಭ್ಯವಾಗಿ ಬಟ್ಟೆ ತೊಟ್ಟು ನೆಟ್ಟಗೆ ಕೂತಿರುವಾಗ. ಉಳಿದ ಹೊತ್ತು ಕಾಣುವವರು ನೀವು. ಆದ್ದರಿಂದ ಅಪಾಯಿಂಟ್‌ಮೆಂಟ್‌ಗೆ ಮೊದಲಿನ ಏಳು ದಿನ ಒಂದು ನೋಟ್‌ಪುಸ್ತಕದಲ್ಲಿ ಪ್ರತಿದಿನ ನಾಲ್ಕು ಸಾಲು ಬರೆಯಿರಿ. ಬೆಳಿಗ್ಗೆ ಎದ್ದದ್ದರಿಂದ ರಾತ್ರಿ ಮಲಗುವ ತನಕ ಎಷ್ಟು ಗಂಟೆ ಹಾಸಿಗೆಯಲ್ಲಿದ್ದರು? ಸ್ನಾನ, ಶೌಚ, ಬಟ್ಟೆ ತಾವೇ ಮಾಡಿಕೊಂಡರೇ, ಯಾರಾದರೂ ಹಿಡಿದರೇ? ಏನು ಕೆಲಸ ಮಾಡಿದರು? ಕಳೆದ ತಿಂಗಳು ಮಾಡುತ್ತಿದ್ದು ಈಗ ಬಿಟ್ಟದ್ದು ಯಾವುದು?

ಹದಿನಾರು ಗಂಟೆ ಎಚ್ಚರವಿರುವವರು ಆರು ಗಂಟೆ ಮಲಗಿದ್ದರೆ ಎರಡರ ಕಡೆ. ಹತ್ತು ಗಂಟೆ ಮಲಗಿದ್ದರೆ ಮೂರರ ಕಡೆ. ಒಂದು ಒಳ್ಳೆಯ ದಿನವನ್ನಾಗಲೀ ಒಂದು ಕೆಟ್ಟ ದಿನವನ್ನಾಗಲೀ ಹೇಳಬೇಡಿ. ವಾರದ ಬಹುಪಾಲು ದಿನ ಹೇಗಿತ್ತು ಎಂದು ಹೇಳಿ.

ನಮ್ಮ ಮನೆಗಳಲ್ಲಿ ಐದು ಹೊತ್ತಿನ ನಮಾಝ್ ಕೂಡ ಒಂದು ಒಳ್ಳೆಯ ಅಳತೆಗೋಲು. ವುಝೂ ತಾವೇ ಮಾಡುತ್ತಾರೋ, ನೀರು ತಂದುಕೊಡಬೇಕೋ? ನಿಂತು ನಮಾಝ್ ಮಾಡುತ್ತಿದ್ದವರು ಕುರ್ಚಿಗೆ ಬಂದದ್ದು ಯಾವಾಗ, ಮಲಗಿಯೇ ಮಾಡಲು ಶುರುಮಾಡಿದ್ದು ಯಾವಾಗ? ಸಜ್ದಾದಿಂದ ಏಳಲು ಗೋಡೆ ಹಿಡಿಯಬೇಕೇ? ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಹತ್ತು ವರ್ಷದಿಂದ ಮಂಡಿನೋವಿಗಾಗಿ ಕುರ್ಚಿಯಲ್ಲಿ ಕೂರುವವರ ಲೆಕ್ಕ ಬೇರೆ, ಎರಡು ತಿಂಗಳಲ್ಲಿ ಸುಸ್ತಿನಿಂದ ಕುರ್ಚಿಗೆ ಬಂದವರ ಲೆಕ್ಕ ಬೇರೆ. ಪೋಲಿಯೋ ಆದವರು, ಕಾಲು ಕಳೆದುಕೊಂಡವರು ಗಾಲಿಕುರ್ಚಿಯಲ್ಲಿರುವುದು ಕ್ಯಾನ್ಸರ್‌ನಿಂದಲ್ಲ. ಅದನ್ನು ವೈದ್ಯರಿಗೆ ಬಿಡಿಸಿ ಹೇಳದಿದ್ದರೆ ಅಂಕ ಅನ್ಯಾಯವಾಗಿ ಕೆಳಗಿಳಿಯಬಹುದು.

ನಾವು ಅಂಕವನ್ನು ಇನ್ನೊಂದು ರೀತಿಯಲ್ಲೂ ಕೆಡಿಸುತ್ತೇವೆ. ಕ್ಯಾನ್ಸರ್ ಎಂದು ಗೊತ್ತಾದ ಮರುಕ್ಷಣವೇ ರೋಗಿಯನ್ನು ಹಾಸಿಗೆಗೆ ಹತ್ತಿಸಿಬಿಡುತ್ತೇವೆ. ಊಟ ಹಾಸಿಗೆಗೆ ಬರುತ್ತದೆ, ಕೈ ತೊಳೆಯುವ ಬಟ್ಟಲೂ ಹಾಸಿಗೆಗೇ ಬರುತ್ತದೆ. ಅಂಗಳಕ್ಕೆ ಬಂದರೆ “ಅಬ್ಬಾ, ನೀವು ಏಳಬೇಡಿ” ಎನ್ನುತ್ತೇವೆ. ನಡೆಯಬಲ್ಲ ಮನುಷ್ಯ ಎರಡು ವಾರ ನಡೆಯದಿದ್ದರೆ ನಿಜವಾಗಿಯೂ ನಡೆಯಲಾರದವನಾಗುತ್ತಾನೆ. ವೈದ್ಯರು ಬೇಡ ಎಂದು ಹೇಳಿಲ್ಲದಿದ್ದರೆ ಊಟಕ್ಕೆ ಅವರು ಎದ್ದು ಬರಲಿ. ದಿನಕ್ಕೆ ಮೂರು ಸಲ ವರಾಂಡದಲ್ಲಿ ಹತ್ತು ನಿಮಿಷ ನಡೆಯಲಿ.

ಹೆಂಗಸರ ವಿಷಯದಲ್ಲಿ ತಪ್ಪು ಇನ್ನೊಂದು ಕಡೆಗಾಗುತ್ತದೆ. “ಏನು ಕೆಲಸ ಮಾಡುತ್ತಾರೆ?” ಎಂದು ಕೇಳಿದರೆ “ಏನೂ ಇಲ್ಲ, ಮನೆಯಲ್ಲೇ ಇರ್ತಾರೆ” ಎಂದು ಗಂಡ ಹೇಳುತ್ತಾನೆ. ಎಂಟು ಜನರಿಗೆ ರೊಟ್ಟಿ ಬೇಯಿಸುತ್ತಿದ್ದ ಆ ತಾಯಿ ಈಗ ಅನ್ನ ಮಾತ್ರ ಇಡುತ್ತಾರೆ, ಮಸಾಲೆ ಸೊಸೆ ಅರೆಯುತ್ತಾಳೆ ಎಂಬುದು ಅವನಿಗೆ ಗೊತ್ತೇ ಇರುವುದಿಲ್ಲ. ಸೊನ್ನೆಯಿಂದ ಒಂದಕ್ಕೆ ಇಳಿದದ್ದು ಅಲ್ಲೇ, ಒಲೆಯ ಮುಂದೆ. ಆದ್ದರಿಂದ ಆಸ್ಪತ್ರೆಗೆ ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬರಾದರೂ ಜೊತೆಗೆ ಹೋಗಿ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯೇ ಉತ್ತರಿಸಲು ಬಿಡಿ.

ಈ ಅಂಕದ ಮಿತಿಗಳು

ಇದು ರಕ್ತಪರೀಕ್ಷೆಯಂತೆ ಯಂತ್ರ ಹೇಳುವ ಅಂಕವಲ್ಲ. ನೋಡುವವರ ಅಂದಾಜು ಇದರಲ್ಲಿ ಸೇರಿದೆ. ಒಬ್ಬ ವೈದ್ಯರು ಎರಡು ಎಂದದ್ದನ್ನು ಇನ್ನೊಬ್ಬರು ಒಂದು ಎನ್ನಬಹುದು. ಹಾಗಾಗಿ ಒಂದೇ ಭೇಟಿಯ ಅಂಕವನ್ನು ಕೊನೆಯ ತೀರ್ಪು ಎಂದು ವೈದ್ಯರೂ ಭಾವಿಸಬಾರದು. ಕಾರಣವನ್ನು ವಿವರಿಸದೆ “ಪಿಎಸ್ ಸರಿಯಿಲ್ಲ” ಎಂದು ಎರಡು ಪದದಲ್ಲಿ ಕಳುಹಿಸಬಾರದು ಎಂಬುದು ನನ್ನ ಬೇಡಿಕೆ. ವಯಸ್ಸು ಮತ್ತು ಅಂಕ ಒಂದೇ ಅಲ್ಲ ಎಂಬುದೂ ನೆನಪಿರಲಿ. ಎಪ್ಪತ್ತರಲ್ಲಿ ಸೊನ್ನೆ ಇರುವವರಿದ್ದಾರೆ, ನಲವತ್ತರಲ್ಲಿ ಮೂರು ಇರುವವರೂ ಇದ್ದಾರೆ.

ಇನ್ನು ಕೆಲವು ಕ್ಯಾನ್ಸರ್‌ಗಳಲ್ಲಿ ಅಂಕ ಮೂರಿದ್ದರೂ ಚಿಕಿತ್ಸೆ ಕೊಡುತ್ತಾರೆ. ಏಕೆಂದರೆ ಅವು ಔಷಧಕ್ಕೆ ಬೇಗ ಕರಗುತ್ತವೆ, ಕರಗಿದೊಡನೆ ರೋಗಿ ಎದ್ದು ಕೂರುತ್ತಾನೆ. ವೇಗವಾಗಿ ಬೆಳೆಯುವ ಕೆಲವು ಲಿಂಫೋಮಾಗಳಲ್ಲಿ ಮೊದಲು ಕೆಲವು ದಿನ ಸ್ಟೀರಾಯ್ಡ್ ಕೊಟ್ಟು, ಶಕ್ತಿ ಬಂದ ಮೇಲೆ ಪೂರ್ತಿ ಕೀಮೋ ಕೊಡುವುದುಂಟು. ಇಜಿಎಫ್ಆರ್ ಎಂಬ ಜೀನ್ ಬದಲಾವಣೆ ಇರುವ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಕೀಮೋಗೆ ಬದಲು ನುಂಗುವ ಮಾತ್ರೆ ಇದೆ. 2009ರಲ್ಲಿ ಜಪಾನಿನ ವೈದ್ಯರು ತೀರಾ ಸೋತ ಅಂಥ ರೋಗಿಗಳಿಗೆ ಗೆಫಿಟಿನಿಬ್ ಮಾತ್ರೆ ಕೊಟ್ಟಾಗ, ಅಂಕ ಮೂರು ಅಥವಾ ಅದಕ್ಕಿಂತ ಕೆಟ್ಟದ್ದಾಗಿದ್ದ 22 ಮಂದಿಯಲ್ಲಿ ಶೇಕಡಾ 68ರಷ್ಟು ಜನ ಒಂದು ಅಥವಾ ಸೊನ್ನೆಗೆ ಬಂದರು. ಆದ್ದರಿಂದ “ಅಂಕ ಮೂರು” ಎಂದಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ: “ಈ ಕ್ಯಾನ್ಸರ್‌ಗೆ ಸೋತ ದೇಹವೂ ತಡೆದುಕೊಳ್ಳುವ ಚಿಕಿತ್ಸೆ ಇದೆಯೇ? ಅದಕ್ಕೆ ಬೇಕಾದ ಪರೀಕ್ಷೆ ಆಗಿದೆಯೇ?”

ನನ್ನಂಥವರ ಪಾಲು

ಈಗ ನನ್ನ ಕಡೆಗೂ ಬೆರಳು ತೋರಿಸಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ಹೊಟ್ಟೆ ಉರಿ, ಬೆನ್ನು ನೋವು ಎಂದು ನನ್ನ ಬಳಿ ಬಂದಿದ್ದರು. ಐವತ್ತೈದರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದಿತ್ತು, ತೂಕ ಇಳಿಯುತ್ತಿತ್ತು. ನಾನು ಜಠರದ ಔಷಧ ಕೊಡುತ್ತಾ ಆರು ವಾರ ಕಳೆದೆ. ಸ್ಕ್ಯಾನ್‌ಗೆ ಕಳುಹಿಸುವಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ನಡೆಯುತ್ತಾ ನನ್ನ ಬಾಗಿಲಿಗೆ ಬಂದ ದಿನ ಅವರ ಅಂಕ ಒಂದು. ಆಸ್ಪತ್ರೆ ಮುಟ್ಟಿದಾಗ ಮೂರು. ಆ ಎರಡು ಅಂಕಗಳನ್ನು ಕಳೆದವನು ನಾನು. ಅಂದಿನಿಂದ ಹೊಸ ಸಕ್ಕರೆ, ಇಳಿಯುವ ತೂಕ, ಬೆನ್ನಿಗೆ ಹೊಡೆಯುವ ಹೊಟ್ಟೆನೋವು ಒಟ್ಟಿಗೆ ಕಂಡರೆ ಒಂದು ದಿನವೂ ಇಟ್ಟುಕೊಳ್ಳದೆ ಸ್ಕ್ಯಾನ್‌ಗೆ ಕಳುಹಿಸುತ್ತೇನೆ.

ಕ್ಯಾನ್ಸರ್ ಚಿಕಿತ್ಸೆಗೆ ಮೊದಲು “ಮೂರು ತಿಂಗಳು ಜಡಿಬೂಟಿ ನೋಡೋಣ” ಎನ್ನುವವರು ಹಣಕ್ಕಿಂತ ಹೆಚ್ಚಾಗಿ ನಿಮ್ಮಿಂದ ಕಸಿಯುವುದು ಈ ಅಂಕವನ್ನು. ಕೀಮೋ ನಡೆಯುವಾಗ ಶಕ್ತಿಗೆಂದು ಕುಶ್ತಾ, ಮಾಜೂನ್‌ಗಳನ್ನು ನಿಮ್ಮಷ್ಟಕ್ಕೆ ಕೊಡಬೇಡಿ. ಲೋಹದಿಂದ ಮಾಡಿದ ಕುಶ್ತಾಗಳು ಯಕೃತ್ತು, ಮೂತ್ರಪಿಂಡಗಳಿಗೆ ಹೊರೆಯಾಗಬಹುದು. ಏನೇ ತೆಗೆದುಕೊಳ್ಳುತ್ತಿದ್ದರೂ ಡಬ್ಬಿಯನ್ನೇ ಒಯ್ದು ಕ್ಯಾನ್ಸರ್ ವೈದ್ಯರಿಗೆ ತೋರಿಸಿ.

ಕೊನೆಗೆ, ಎಲ್ಲ ಸರಿಪಡಿಸಿದ ಮೇಲೂ ಅಂಕ ಮೂರು, ನಾಲ್ಕರಲ್ಲೇ ನಿಂತರೆ? ಆಗ ತೀವ್ರ ಕೀಮೋ ಬೇಡ ಎನ್ನುವ ವೈದ್ಯರ ಮಾತನ್ನು ಒಪ್ಪಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಇನ್ನೊಂದು ಊರಿಗೆ, ಇನ್ನೊಂದು ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಒಯ್ದು ಒಪ್ಪುವವರನ್ನು ಹುಡುಕಬೇಡಿ. ಆಗ ಹುಡುಕಬೇಕಾದದ್ದು ಉಪಶಮನ ಚಿಕಿತ್ಸೆ ಕೊಡುವವರನ್ನು. ನೋವಿಗೆ ಮಾರ್ಫಿನ್, ವಾಂತಿಗೆ ಔಷಧ, ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕ್ರಮ, ಕೈ ಹಿಡಿದು ಕೂರುವ ಮಕ್ಕಳು. ಇದೂ ಚಿಕಿತ್ಸೆಯೇ.

ಮುಂದಿನ ಸಲ ನಿಮ್ಮವರ ಫೈಲ್ ಕೈಗೆ ಬಂದಾಗ ಸ್ಟೇಜ್‌ನ ಜೊತೆ ಆ ಸಣ್ಣ ಸಾಲನ್ನೂ ಹುಡುಕಿ. ಅಲ್ಲಿ ಬರೆದ ಅಂಕ ನಿಮ್ಮ ನೋಟ್‌ಪುಸ್ತಕದ ಏಳು ದಿನಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅದು ನಿಮ್ಮವರ ಪರವಾಗಿದ್ದರೂ, ವಿರುದ್ಧವಾಗಿದ್ದರೂ ವೈದ್ಯರಿಗೆ ಹೇಳಿ.